ಸಹಾಯ ಬೇಕು: ನಾರ್ಮಲ್ ಎದೆ ಎಕ್ಸ್‌ರೇಗೆ ಮಾದರಿ ರಿಪೋರ್ಟ್, ಕೊನೆಯ ಸಾಲು ಹೇಗಿರಬೇಕು?

ಎಲ್ಲರಿಗೂ ನಮಸ್ಕಾರ. ವಿದ್ಯಾರ್ಥಿಗಳಿಗೆ ರಿಪೋರ್ಟಿನ ಕಟ್ಟು ಕಲಿಸಲು ಒಂದು ಮಾದರಿ ಬರೆದಿದ್ದೇವೆ. ದಯವಿಟ್ಟು ನೋಡಿ, ತಿದ್ದಿ.

ಕಾರಣ: ಎರಡು ವಾರದಿಂದ ಕೆಮ್ಮು.
ತಂತ್ರ: ಪಿಎ, ನಿಂತ ಭಂಗಿ. ಕ್ಲಾವಿಕಲ್‌ಗಳ ಒಳತುದಿಗಳು ಸ್ಪೈನಸ್ ಪ್ರೋಸೆಸ್‌ನಿಂದ ಸಮದೂರ. ಬಲಗಡೆ ಡಯಾಫ್ರಂ ಮೇಲೆ 10 ಹಿಂಬದಿ ಪಕ್ಕೆಲುಬು ಕಾಣುತ್ತವೆ.
ಕಂಡದ್ದು: ಶ್ವಾಸನಾಳ ಮಧ್ಯದಲ್ಲಿದೆ. ಹೃದಯದ ಅಗಲ 12.6 ಸೆಂ.ಮೀ., ಎದೆಯದು 28; ಅನುಪಾತ 0.45. ಹೈಲಂ, ಶ್ವಾಸಕೋಶಗಳು ಸಹಜ. ಕಾಸ್ಟೋಫ್ರೆನಿಕ್ ಕೋನಗಳು ಚೂಪಾಗಿವೆ. ಮೂಳೆಗಳು ಸಹಜ.

ತಂತ್ರದ ಸಾಲನ್ನೇ ಮಕ್ಕಳು ಬಿಟ್ಟುಬಿಡುತ್ತಾರೆ. ಆದರೆ ಹೃದಯದ ಅಳತೆಗೆ ಅದೇ ಆಧಾರ: ಎಪಿ ಫಿಲ್ಮಿನಲ್ಲಿ ಹೃದಯ ಹಿಗ್ಗಿ ಕಾಣುತ್ತದೆ, ಉಸಿರು ಪೂರ್ತಿ ಎಳೆದಿರದಿದ್ದರೂ ಅಷ್ಟೇ. ಆಗ 0.5ರ ಮಿತಿ ಹಿಡಿದು ಹೃದಯ ದೊಡ್ಡದಾಗಿದೆ ಎಂದು ಬರೆದರೆ ತಪ್ಪಾಗುತ್ತದೆ.

ಸಿಕ್ಕಿಕೊಂಡಿರುವುದು ರಿಪೋರ್ಟಿನ ಕೊನೆಯ ಸಾಲಾದ ‘ಅಭಿಪ್ರಾಯ’ದಲ್ಲಿ. ಹಲವರು ಕಂಡದ್ದನ್ನೇ ಅಲ್ಲಿ ಮತ್ತೆ ಬರೆಯುತ್ತಾರೆ, ಇಲ್ಲವೇ ‘ಎದೆಯಲ್ಲಿ ರೋಗವಿಲ್ಲ’ ಎನ್ನುತ್ತಾರೆ. ಹೃದಯದ ಹಿಂದೆ ಅಡಗಿದ ಸಣ್ಣ ಗಂಟು ಫಿಲ್ಮಿನಲ್ಲಿ ತಪ್ಪಿಹೋಗಬಹುದು, ಹಾಗಾಗಿ ಅದು ಅತಿಯಾದ ಮಾತು. ನಮ್ಮ ಸಾಲು: ‘ಕೆಮ್ಮಿಗೆ ಕಾರಣವಾಗುವಂಥ ಬದಲಾವಣೆ ಈ ಫಿಲ್ಮಿನಲ್ಲಿ ಕಾಣುತ್ತಿಲ್ಲ.’

ಇಷ್ಟು ಸಾಕೇ? ಕೆಮ್ಮು ಮುಂದುವರಿದರೆ ಕಫ ಪರೀಕ್ಷೆ ಮಾಡಿಸಿ ಎಂಬ ಸಲಹೆಯನ್ನು ಇಲ್ಲೇ ಸೇರಿಸಬೇಕೇ, ಚಿಕಿತ್ಸೆ ಕೊಡುವ ವೈದ್ಯರಿಗೆ ಬಿಡಬೇಕೇ? ನೀವು ಬರೆಯುವ ಸಾಲನ್ನು ಹಾಗೇ ಇಲ್ಲಿ ಹಾಕಿ.