ಪದ ಬೇಕು: ಹಿಡನ್ ಸ್ಲೈಡ್, ಅಪೆಂಡಿಕ್ಸ್, ಬ್ಯಾಕಪ್. ಮೂರನ್ನೂ ಅನುಬಂಧ ಅಂದರೆ ನಡೆಯುತ್ತಾ?

ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೇಕು, ದಯವಿಟ್ಟು ಸಹಾಯ ಮಾಡಿ.

ಒಂದು ಹಾಲಿನ ಸಹಕಾರ ಸಂಘಕ್ಕೆ ಹಾಲು ತಣಿಸುವ ಯಂತ್ರ ಕೊಳ್ಳುವ ಪ್ರಸ್ತಾವ ಬಂದಿದೆ. ಅಧ್ಯಕ್ಷರು ಓದಿ ಹೂಂ ಅಥವಾ ಊಹೂಂ ಅನ್ನಲು ಒಂದು ಪುಟದ ಸಾರಾಂಶ ಬರೆಯಬೇಕು. ಪ್ರೆಸೆಂಟೇಶನ್ನಿನಲ್ಲಿ 31 ಸ್ಲೈಡ್ ಇವೆ. ‘ಧನ್ಯವಾದಗಳು’ ಆದ ಮೇಲೆ ಏಳು ಸ್ಲೈಡ್ ಬರುತ್ತವೆ, ಅವಕ್ಕೆ ಅಪೆಂಡಿಕ್ಸ್ ಅಂತ ಹೆಸರು. ಅವುಗಳಲ್ಲಿ ಎರಡರ ಮೇಲೆ ಬ್ಯಾಕಪ್ ಅಂತಲೂ ಬರೆದಿದ್ದಾರೆ. ನಡುವೆ 12ನೆಯ ಸ್ಲೈಡನ್ನು ಹೈಡ್ ಮಾಡಿದ್ದಾರೆ.

ಸಾರಾಂಶದ ಕೊನೆಯಲ್ಲಿ ‘ಅನುಬಂಧದಿಂದ’ ಎಂಬ ತಲೆಬರಹ ಹಾಕಿ ಮೂರನ್ನೂ ಅದರಡಿ ಸೇರಿಸಬಹುದಾ? ಅಥವಾ ಬೇರೆ ಬೇರೆ ಪದ ಬೇಕಾ?

ಧಾರವಾಡದಿಂದ

ಅನುಬಂಧ ಸರಿಯಾಗಿದೆ, ಅದಕ್ಕಿಂತ ಒಳ್ಳೆಯ ಪದ ಸಿಗುವುದಿಲ್ಲ. ಪಾಣಿನಿಯ ವ್ಯಾಕರಣದಲ್ಲಿ ಅನುಬಂಧ ಎಂದರೆ ಪ್ರತ್ಯಯಕ್ಕೆ ಅಂಟಿಕೊಂಡು ಬಂದು ಕೊನೆಗೆ ಕಾಣದಂತೆ ಹೋಗುವ ಅಕ್ಷರ. ‘ಕ್ತ’ ಪ್ರತ್ಯಯದ ಕಕಾರ ‘ಕೃತ’ದಲ್ಲಿ ಎಲ್ಲಿದೆ, ತೋರಿಸಿ? ಇಲ್ಲ. ಆದರೆ ಋಕಾರ ‘ಅರ್’ ಆಗದಂತೆ, ಅಂದರೆ ಗುಣ ಆಗದಂತೆ ತಡೆದದ್ದು ಅದೇ. ಕಾಣಿಸದೆ ಕೆಲಸ ಮಾಡುವುದು! ಹೈಡ್ ಮಾಡಿದ ಸ್ಲೈಡಿಗೂ ಇದೇ ಪದ ಹೊಂದುತ್ತದೆ.

ಮಂಡ್ಯದಿಂದ

ಮೇಷ್ಟ್ರೇ, ಹಾಲು ಹಾಕುವವರಿಗೆ ಪಾಣಿನಿ ಯಾಕೆ? ಅಪೆಂಡಿಕ್ಸ್‌ಗೆ ‘ಕೊನೆಸೇರಿಕೆ’, ಬ್ಯಾಕಪ್‌ಗೆ ‘ಒತ್ತಾಸೆ ಹಾಳೆ’, ಹಿಡನ್‌ಗೆ ‘ಬಚ್ಚಿಟ್ಟ ಹಾಳೆ’ ಅನ್ನಿ. ಸಂಸ್ಕೃತ ಬೇಡವೇ ಬೇಡ.

ಮೈಸೂರಿನಿಂದ

‘ಬಚ್ಚಿಟ್ಟ’ ಬೇಡ. ಯಾರೋ ಮೋಸ ಮಾಡಿದರು ಅಂತ ಆಗುತ್ತದೆ. ನಮ್ಮ ಬ್ಯಾಂಕಿನಲ್ಲಿ ಇಂಥದ್ದಕ್ಕೆ ‘ಗೋಪ್ಯ’ ಅಂತ ಮೊಹರು ಒತ್ತುತ್ತಿದ್ದೆವು. ಇನ್ನು ಬ್ಯಾಕಪ್ ಅಂದರೆ ನಾವು ದಿನಾ ಸಂಜೆ ತೆಗೆಯುತ್ತಿದ್ದ ಪ್ರತಿ. ಅದಕ್ಕೆ ‘ಕಾಪು ಪ್ರತಿ’ ಅನ್ನಬಹುದು.

ಬೆಂಗಳೂರಿನಿಂದ

ಇದು ಆ ಬ್ಯಾಕಪ್ ಅಲ್ಲ ಸರ್. ಗೋಪ್ಯವೂ ಅಲ್ಲ. ಹತ್ತು ವರ್ಷದಿಂದ ಇಂಥ ಸಾರಾಂಶ ಬರೆಯುವುದೇ ನನ್ನ ಕೆಲಸ, ಸ್ವಲ್ಪ ಉದ್ದ ಹೇಳುತ್ತೇನೆ.

ಅಪೆಂಡಿಕ್ಸ್ ಎಂದರೆ ಲೇಖಕರು ‘ಇದು ನಮ್ಮದೇ, ಬೇಕಾದರೆ ನೋಡಿ’ ಅಂತ ಕೊಟ್ಟದ್ದು. ಬ್ಯಾಕಪ್ ಎಂದರೆ ಸಭೆಯಲ್ಲಿ ಇಂಥ ಪ್ರಶ್ನೆ ಬಂದೀತು ಅಂತ ಮೊದಲೇ ಮಾಡಿಟ್ಟುಕೊಂಡ ಉತ್ತರ. ಎರಡರ ಹೊಣೆಯನ್ನೂ ಅವರು ಹೊರುತ್ತಾರೆ. ಹೈಡ್ ಮಾಡಿದ್ದು ಹಾಗಲ್ಲ. ಅದು ಹಳೆಯ ಲೆಕ್ಕ ಇರಬಹುದು, ಬೇರೆ ಸಭೆಗೆ ಮಾಡಿದ್ದಿರಬಹುದು, ಅಳಿಸಲು ಮನಸ್ಸಾಗದೆ ಉಳಿಸಿಕೊಂಡದ್ದೂ ಇರಬಹುದು. ಫೈಲ್ ನೋಡಿದರೆ ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಮೂರನ್ನೂ ಒಂದೇ ತಲೆಬರಹದಡಿ ಹಾಕಿದರೆ ಅವರು ಹೇಳದ ಮಾತನ್ನು ಅವರ ಬಾಯಿಗೆ ಹಾಕಿದಂತೆ.

ಇನ್ನೊಂದು ವಿಷಯ. ಅಧ್ಯಕ್ಷರು ಏನನ್ನು ನೋಡಿದ್ದಾರೆ? ಪರದೆಯ ಮೇಲೆ ನೋಡಿದ್ದರೆ 11 ಆದ ಮೇಲೆ ನೇರ 13 ಬಂದಿರುತ್ತದೆ. ಪಿಡಿಎಫ್ ಕಳಿಸಿದ್ದರೆ, ಹೈಡ್ ಮಾಡಿದ್ದು ಅದರಲ್ಲಿ ಇದೆಯೋ ಇಲ್ಲವೋ ಎನ್ನುವುದು ಪಿಡಿಎಫ್ ಮಾಡಿದವರು ಯಾವ ಆಯ್ಕೆ ಒತ್ತಿದರು ಎನ್ನುವುದರ ಮೇಲೆ ನಿಂತಿದೆ. ನಿಮ್ಮ ಕೈಯಲ್ಲಿರುವುದು ಮೂಲ ಫೈಲು. ಅದರಿಂದ ಅಕ್ಷರ ಮಾತ್ರ ಹೊರತೆಗೆದರೆ ಎಲ್ಲವೂ ಒಟ್ಟಿಗೆ ಬರುತ್ತದೆ. ಯಾವುದು ತೋರಿಸಿದ್ದು, ಯಾವುದು ತೋರಿಸದ್ದು ಎಂಬ ಗುರುತೇ ಉಳಿಯುವುದಿಲ್ಲ. ಎಡಗಡೆಯ ಪಟ್ಟಿಯಲ್ಲಿ ಸ್ಲೈಡ್ ಸಂಖ್ಯೆಯ ಮೇಲೆ ಓರೆ ಗೀಟು ಇದೆಯಾ ಅಂತ ನೋಡುವುದು ಸುಲಭ. ಫೈಲಿನ ಒಳಗೆ ಇಳಿದು ನೋಡುವವರಾದರೆ ಆ ಸ್ಲೈಡಿಗೆ `show="0"` ಅಂತ ಇರುತ್ತದೆ.

12ರಲ್ಲಿ ಏನಿದೆ ಹೇಳಿ. ಅದು ಗೊತ್ತಾಗದೆ ಪದ ಆರಿಸುವುದು ಸುಮ್ನೆ.

ಶಿವಮೊಗ್ಗದಿಂದ

ಯಂತ್ರಕ್ಕೆ 18 ಲಕ್ಷ ರೂಪಾಯಿ. ವರ್ಷಕ್ಕೆ 6 ಲಕ್ಷ ಉಳಿತಾಯ, ಮೂರು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ 9ನೆಯ ಸ್ಲೈಡ್ ಹೇಳುತ್ತದೆ. ದಿನಕ್ಕೆ 4,000 ಲೀಟರ್ ಹಾಲು ಬಂದರೆ ಈ ಲೆಕ್ಕ ಅಂತ ಅಪೆಂಡಿಕ್ಸಿನ 27ನೆಯದರಲ್ಲಿ ಸಣ್ಣದಾಗಿದೆ. ಹೈಡ್ ಆದ 12ರಲ್ಲಿ ‘ಸರಾಸರಿ ಸಂಗ್ರಹ 2,600 ಲೀಟರ್’ ಅಂತಿದೆ. ಯಾವ ತಿಂಗಳು, ಯಾವ ವರ್ಷ, ಏನೂ ಇಲ್ಲ.

ಬೆಂಗಳೂರಿನಿಂದ

ಹಾಗಾದರೆ 27 ಕೊನೆಗೆ ಹೋಗಬಾರದು, ಮೇಲೇ ಬರಬೇಕು. ಮೂರು ವರ್ಷ ಎಂಬ ಮಾತು ನಿಂತಿರುವುದೇ ಅದರ ಮೇಲೆ. ‘ದಿನಕ್ಕೆ 4,000 ಲೀಟರ್ ಬಂದರೆ ಮೂರು ವರ್ಷ (ಸ್ಲೈಡ್ 9, 27)’ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಅಪೆಂಡಿಕ್ಸಿನಲ್ಲಿ ಇದೆ ಅಂತ ಅದು ಅಮುಖ್ಯ ಆಗುವುದಿಲ್ಲ. ಆ ಸ್ಲೈಡನ್ನು ತೆಗೆದುಹಾಕಿದರೆ ಮುಖ್ಯ ತೀರ್ಮಾನ ಅಲುಗಾಡುತ್ತದಾ ಅಂತ ನೋಡಿ. ಅಲುಗಾಡಿದರೆ ಅದರ ಜಾಗ ಮೇಲೆ. ಮಿಕ್ಕ ಆರಕ್ಕೆ ‘ಹೆಚ್ಚಿನ ವಿವರ ಇಂಥ ಸ್ಲೈಡಿನಲ್ಲಿದೆ’ ಅಂತ ಒಂದು ಸಾಲು ಸಾಕು.

2,600 ನಿಜವಾದರೆ, ಉಳಿತಾಯವೂ ಅದೇ ಪ್ರಮಾಣದಲ್ಲಿ ಕಡಿಮೆ ಆಗುತ್ತದೆ ಅಂದುಕೊಂಡರೆ, ಅದು 3.9 ಲಕ್ಷಕ್ಕೆ ಇಳಿಯುತ್ತದೆ, ದುಡ್ಡು ವಾಪಸಾಗಲು ನಾಲ್ಕೂವರೆ ವರ್ಷ ದಾಟುತ್ತದೆ. ಆದರೆ ಇದನ್ನು ಸಾರಾಂಶದಲ್ಲಿ ಬರೆಯಬೇಡಿ, ಮೊದಲು ಕೇಳಿ.

ಕಾರವಾರದಿಂದ

ಕೊಲಂಬಿಯಾ ಬಾಹ್ಯಾಕಾಶ ನೌಕೆ 2003ರಲ್ಲಿ ಸಿಡಿದದ್ದಕ್ಕೂ ಇದೇ ಕಾರಣ ಅಲ್ವಾ? ಮುಖ್ಯ ಸಂಗತಿ ಅಪೆಂಡಿಕ್ಸಿನಲ್ಲಿ ಹೂತುಹೋಗಿತ್ತು.

ಬೆಂಗಳೂರಿನಿಂದ

ಅರ್ಧ ಸರಿ. ನೌಕೆಗೆ ಪೆಟ್ಟು ಬಿದ್ದದ್ದು ಫೋಮ್ ತುಂಡು ಬಡಿದು, ಸ್ಲೈಡಿನಿಂದಲ್ಲ. ಆದರೆ ನೌಕೆ ಇನ್ನೂ ಮೇಲಿದ್ದಾಗ ಎಂಜಿನಿಯರುಗಳು ತೋರಿಸಿದ ಒಂದು ಸ್ಲೈಡನ್ನು ತನಿಖಾ ವರದಿ ಟೀಕಿಸಿದೆ. ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಅಂಗುಲ, ಬಡಿದದ್ದು ಸುಮಾರು 1,920. ಈ ಮಾತು ಅಪೆಂಡಿಕ್ಸಿನಲ್ಲಿ ಇರಲಿಲ್ಲ. ಎಲ್ಲರ ಕಣ್ಣೆದುರಿನ ಸ್ಲೈಡಿನಲ್ಲೇ ಇತ್ತು, ಕೆಳಗಿನ ಸಾಲುಗಳಲ್ಲಿ. ತಲೆಬರಹ ಮಾತ್ರ ಧೈರ್ಯ ಹೇಳುವಂತಿತ್ತು.

ಮಂಡ್ಯದಿಂದ

ಪದದ ಮಾತು ಎಲ್ಲಿ ಹೋಯಿತು?

ಧಾರವಾಡದಿಂದ

ಪದ ಕೊಟ್ಟಾಗಿದೆ. ‘ಕೊನೆಸೇರಿಕೆ’ ಅಂತ ಯಾರ ಮನೆಯಲ್ಲಿ ಅನ್ನುತ್ತಾರೆ?

ಕಲಬುರಗಿಯಿಂದ

ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಬರೆದಿದ್ದೇನೆ. ಲಗತ್ತು, ತಖ್ತೆ, ಷರಾ ಅಂತಲೇ ಬರೆದೆವು, ಯಾರಿಗೂ ತೊಂದರೆ ಆಗಲಿಲ್ಲ. ಸಂಸ್ಕೃತ ಬೇಡ ಅನ್ನುವವರು, ಪಾರಸಿ ಬೇಡ ಅನ್ನುವವರು ಸ್ಲೈಡ್ ಎಂಬ ಪದವನ್ನು ಮಾತ್ರ ಯಾಕೆ ಬಿಟ್ಟಿರಿ?

ಮಂಡ್ಯದಿಂದ

ಬಿಟ್ಟಿಲ್ಲ. ‘ಹಾಳೆ’ ಅಂದೆ. ಓದಿ ಬರೆಯಿರಿ.

ಬೆಂಗಳೂರಿನಿಂದ

ಹಾಳೆ ಅಂದರೆ ಮುದ್ರಿಸಿದ ಪ್ರತಿ ಅಂದುಕೊಳ್ಳುತ್ತಾರೆ. ಸ್ಲೈಡ್ ಇರಲಿ. ಅಪೆಂಡಿಕ್ಸಿಗೆ ಅನುಬಂಧ ಎಲ್ಲರಿಗೂ ಗೊತ್ತು, ಅದೂ ಇರಲಿ. ಬ್ಯಾಕಪ್‌ಗೆ ‘ಪ್ರಶ್ನೆ ಬಂದರೆ’ ಅಂತ ಹಾಕಿ, ಪದವೇ ಆಗಬೇಕೆಂದಿಲ್ಲ. ಹಿಡನ್‌ಗೆ ‘ತೋರಿಸದ ಸ್ಲೈಡ್’. ಯಾಕೆ ತೋರಿಸಲಿಲ್ಲ ಎಂದು ಅದು ತೀರ್ಪು ಕೊಡುವುದಿಲ್ಲ.

ಶಿವಮೊಗ್ಗದಿಂದ

ಪ್ರಸ್ತಾವ ಮಾಡಿದವರಿಗೆ ಫೋನ್ ಮಾಡಿದೆ. 2,600 ಬೇಸಿಗೆಯ ಮೂರು ತಿಂಗಳದ್ದಂತೆ, ವರ್ಷದ್ದು ಅಂತ ತಪ್ಪು ತಿಳಿದಾರು ಅಂತ ಹೈಡ್ ಮಾಡಿದರಂತೆ. ಹಾಗಾದರೆ ಇಡೀ ವರ್ಷದ ಸರಾಸರಿ ಎಷ್ಟು ಅಂದೆ. ನೋಡಿ ಹೇಳುತ್ತೇವೆ ಅಂದಿದ್ದಾರೆ.

ಸದ್ಯಕ್ಕೆ 12ರ ಅಂಕಿ ಹಾಕಿಲ್ಲ. ‘4,000 ಲೀಟರ್ ಎಂಬುದು ಪ್ರಸ್ತಾವದ ಊಹೆ. ವರ್ಷದ ನಿಜವಾದ ಸರಾಸರಿ ಕೇಳಲಾಗಿದೆ, ಇನ್ನೂ ಬಂದಿಲ್ಲ’ ಅಂತ ಬರೆದೆ. ಆದರೆ ತೋರಿಸದ ಸ್ಲೈಡ್ ಒಂದಿದೆ ಎಂಬುದನ್ನೇ ಅಧ್ಯಕ್ಷರಿಗೆ ಹೇಳಬೇಕಾ, ಬೇಡವಾ?

ಬೆಂಗಳೂರಿನಿಂದ

ನಾನಾದರೆ ಹೇಳುತ್ತೇನೆ. ಅವರಿಗೂ ಮೂಲ ಫೈಲ್ ಹೋಗಿದ್ದರೆ ನಾಳೆ ಅವರೇ ನೋಡಿ ನಿಮ್ಮನ್ನು ಕೇಳುತ್ತಾರೆ.

ಮೈಸೂರಿನಿಂದ

ನಾನಾದರೆ ಹೇಳುವುದಿಲ್ಲ. ಬೇಡ ಅಂತ ತೆಗೆದದ್ದನ್ನು ಎತ್ತಿ ತೋರಿಸುವುದು ಚಾಡಿ ಆಗುತ್ತದೆ.

ಧಾರವಾಡದಿಂದ

‘ತೋರಿಸದ’ ಎಂಬುದು ‘ತೋರಿಸಿದ’ ಅಂತ ಅಚ್ಚಾದರೆ ಏನು ಗತಿ? ಒಂದು ಗುಡಿಸು ಹೆಚ್ಚಾದರೆ ಅರ್ಥವೇ ತಿರುಗುಮುರುಗು. ಯೋಚಿಸಿ.