ಅಪ್‌ಡೇಟ್: ಸಲೂನಿನ ವಿಮೆ ಹೇರ್ ಡೈ ಅಲರ್ಜಿಗೂ ಬರುತ್ತದಾ?

ನಾನು ಕೇಳಿದ್ದು: "ಅಂಗಡಿ ಪಾಲಿಸಿ ಇದೆ. ಗ್ರಾಹಕರು ಜಾರಿ ಬಿದ್ದರೆ, ಡೈ ಅಲರ್ಜಿ ಆದರೆ, ವ್ಯಾಕ್ಸ್‌ನಿಂದ ಸುಟ್ಟರೆ ಅದೊಂದೇ ಸಾಕಾ?"

ನಮ್ಮ ಪಾಲಿಸಿ ಸಾಲದು. ಏಜೆಂಟರ ಜೊತೆ ಕೂತು ಯಾವುದಕ್ಕೆ ಕವರ್ ಇಲ್ಲ ಅನ್ನೋ ಪುಟ ಓದಿದೆ. ಒದ್ದೆ ನೆಲದಲ್ಲಿ ಜಾರಿದರೆ ಪಬ್ಲಿಕ್ ಲಯಬಿಲಿಟಿ ಇದೆ. ನಾವು ಮಾಡಿದ ಕೆಲಸದಿಂದಲೇ ಗಾಯವಾದರೆ ಇಲ್ಲ. ಅದಕ್ಕೆ ಪ್ರೊಫೆಷನಲ್ ಇಂಡೆಮ್ನಿಟಿ ಬೇರೆಯಾಗಿ ತೆಗೆದುಕೊಳ್ಳುತ್ತಿದ್ದೇನೆ. ಡೈ, ಬ್ಲೀಚ್, ವ್ಯಾಕ್ಸ್, ಸ್ಟ್ರೈಟನಿಂಗ್ ಎಲ್ಲವನ್ನೂ ಹೆಸರು ಹಿಡಿದು ಬರೆಸಿದ್ದೇನೆ. ಬರೆಸದ ಕೆಲಸಕ್ಕೆ ಕ್ಲೇಮ್ ಸಿಗೋದು ಕಷ್ಟ.

ಡೈ ಹಚ್ಚುವ 48 ಗಂಟೆ ಮುಂಚೆ ಕಿವಿಯ ಹಿಂದೆ ಪ್ಯಾಚ್ ಟೆಸ್ಟ್ ಶುರು ಮಾಡಿದ್ದೇವೆ. ದಿನಾಂಕ, ಡಬ್ಬಿಯ ಬ್ಯಾಚ್ ನಂಬರ್, ಗ್ರಾಹಕರ ಸಹಿ ರಿಜಿಸ್ಟರ್‌ನಲ್ಲಿರುತ್ತವೆ. ಹಿಂದೆ ಕಪ್ಪು ಮೆಹಂದಿಗೆ ತುರಿಕೆ ಬಂದಿತ್ತಾ ಅಂತಲೂ ಕೇಳುತ್ತೇವೆ. ಆ ಮೆಹಂದಿಯಲ್ಲೂ ಡೈನಲ್ಲಿರುವ, ಅಲರ್ಜಿ ತರುವ ಪಿಪಿಡಿ ಅನ್ನೋ ರಾಸಾಯನಿಕವೇ ಹೆಚ್ಚಾಗಿ ಇರುತ್ತದಲ್ವಾ. ಹೌದು ಅಂದವರಿಗೆ ಡೈ ಹಚ್ಚುವುದಿಲ್ಲ.