ಸರದಿಯಲ್ಲಿ ನಿಂತ ಹೊತ್ತು ಯಾರದು? – ಓದುಗರ ಸ್ಪಂದನ

ಆರು ಲಾರಿಗಳನ್ನು ಇಟ್ಟುಕೊಂಡು ದಾವಣಗೆರೆಯಿಂದ ಮೆಕ್ಕೆಜೋಳ ಸಾಗಿಸುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಇಕ್ಕಟ್ಟನ್ನು ಬರೆದಿದ್ದರು. ಪಶು ಆಹಾರ ಕಾರ್ಖಾನೆಯ ಬಾಗಿಲಲ್ಲಿ ಚಾಲಕರು ಆರೇಳು ಗಂಟೆ ಕಾಯುತ್ತಾರೆ. ಲಾರಿ ಓಡದ ಆ ಹೊತ್ತಿಗೂ ಕೂಲಿ ಕೊಡಬೇಕೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಆ ಆರು ಗಂಟೆಗಳಲ್ಲಿ ಚಾಲಕನು ಲಾರಿ ಬಿಟ್ಟು ಊರಿಗೆ ಹೋದರೆ ನೀವು ಒಪ್ಪುತ್ತೀರಾ? ಒಪ್ಪುವುದಿಲ್ಲವಾದರೆ ಆ ಹೊತ್ತನ್ನು ನೀವು ಕೊಂಡಿದ್ದೀರಿ. ದುಡ್ಡು ಕೊಡಿ.
– ಓದುಗರು, ಚಳ್ಳಕೆರೆ

ಮುಂದಿನ ಪತ್ರ ದೀರ್ಘವಾಗಿದೆ. ಅದನ್ನು ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ.

ನಾನು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು. ಕಾಯುವುದೆಂದರೆ ಮಲಗುವುದೆಂದು ತಿಳಿದವರು ಒಮ್ಮೆ ಆ ಸರದಿಯಲ್ಲಿ ನಿಂತು ನೋಡಬೇಕು. ಗೇಟಿನಲ್ಲಿ ಟೋಕನ್ ಪಡೆದ ಮೇಲೆ ಕಾರ್ಖಾನೆಯವರು ಕೊಳವೆ ಚುಚ್ಚಿ ಚೀಲಗಳಿಂದ ಕಾಳು ತೆಗೆದು ತೇವಾಂಶ ನೋಡುತ್ತಾರೆ. ಅದು ಹೆಚ್ಚಿದ್ದರೆ ಮಾಲೀಕರಿಗೆ ಫೋನ್ ಮಾಡಿ, ಕಡಿತಕ್ಕೆ ಒಪ್ಪುವುದೋ ಮಾಲು ವಾಪಸ್ ತರುವುದೋ ಎಂದು ಕೇಳಬೇಕಾದವನು ಚಾಲಕನೇ. ಬಳಿಕ ತೂಕದ ಸೇತುವೆ, ಮತ್ತೆ ಸಾಲು. ಸಾಲು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲಾರಿಯಷ್ಟು ಮುಂದೆ ಸರಿಯುತ್ತದೆ. ಸರಿಯದೆ ನಿಂತರೆ ಹಿಂದಿನವನು ನುಗ್ಗುತ್ತಾನೆ, ಸರದಿ ಹೋಗುತ್ತದೆ. ಎರಡು ಲಾರಿ ಮುಂದಿರುವಾಗಲೇ ಹಗ್ಗ ಬಿಚ್ಚಿ ತಾಡಪಾಲು ಮಡಚಬೇಕು, ಚೀಲ ಇಳಿಯುವಾಗ ಲೆಕ್ಕಕ್ಕೆ ನಿಲ್ಲಬೇಕು, ಖಾಲಿ ತೂಕ ಮಾಡಿಸಿ ರಸೀದಿಗೆ ಸೀಲು ಹಾಕಿಸಬೇಕು.

ಅಂದು ನಾನು ನಸುಕಿನ ಐದಕ್ಕೆ ಹೊರಟು ಒಂಬತ್ತಕ್ಕೆ ಗೇಟು ಮುಟ್ಟಿದ್ದೆ. ಸರಕು ಇಳಿಸುವ ಕಟ್ಟೆಗೆ ಕರೆದಾಗ ಮಧ್ಯಾಹ್ನ ಮೂರು, ಇಳಿಸಿ ಮುಗಿದಾಗ ನಾಲ್ಕು. ಮಾಲೀಕರ ಲೆಕ್ಕದಲ್ಲಿ ನಾನು ಓಡಿಸಿದ್ದು ನಾಲ್ಕು ಗಂಟೆ ಮಾತ್ರ, ಆದ್ದರಿಂದ ರಾತ್ರಿಯೇ ಇನ್ನೊಂದು ಲೋಡಿಗೆ ಹೊರಡಲು ಹೇಳಿದರು. ಹಿರಿಯೂರು ದಾಟಿದ ಮೇಲೆ ರೆಪ್ಪೆ ಮುಚ್ಚಿದ್ದು ನನಗೆ ಗೊತ್ತಾಗಲೇ ಇಲ್ಲ. ನಿಂತಿದ್ದ ಟ್ರೇಲರಿಗೆ ಎಡಬದಿ ಬಡಿಯಿತು. ಆ ಬದಿಯಲ್ಲಿ ಮಲಗಿದ್ದ ಕ್ಲೀನರ್ ಹುಡುಗನ ಕಾಲು ಹೋಯಿತು. ಅವನು ಇಂದಿಗೂ ನನ್ನನ್ನು ಅಣ್ಣ ಎಂದೇ ಕರೆಯುತ್ತಾನೆ. ಕಾದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿದ್ದರೆ ಆ ರಾತ್ರಿ ನನ್ನನ್ನು ಕಳಿಸಲು ಮಾಲೀಕರಿಗೆ ಆಗುತ್ತಿರಲಿಲ್ಲ.
– ನಿವೃತ್ತ ಚಾಲಕ, ಹರಿಹರ

ಈ ಪತ್ರವನ್ನು ಓದಿದ ಬಳಿಕ ಲೆಕ್ಕದ ಮಾತಿಗೆ ಬರೋಣ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಕೆಲಸದ ವೇಳೆಯನ್ನು ಕಾರ್ಮಿಕನು ಮಾಲೀಕನ ಅಧೀನದಲ್ಲಿರುವ ಸಮಯ ಎಂದೇ ಹೇಳಿತು. ಸರಕು ಹೇರುವುದನ್ನೂ ಇಳಿಸುವುದನ್ನೂ ಪೂರಕ ಕೆಲಸವೆಂದು ಅದರೊಳಗೆ ಸೇರಿಸಿತು. ನಿಲ್ದಾಣದಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಬರಿದೇ ಹಾಜರಿರುವುದೂ ಸೇರುತ್ತದೆ ಎಂಬ ಸಾಲನ್ನು ಹಿಡಿದು, ಅದಕ್ಕಿಂತ ಹೆಚ್ಚು ಕಾದದ್ದು ಲೆಕ್ಕಕ್ಕಿಲ್ಲ ಎಂದು ವಾದಿಸುವ ಮಾಲೀಕರನ್ನು ನಾನು ಕಂಡಿದ್ದೇನೆ. ಆದರೆ ಸರದಿಯಲ್ಲಿ ಲಾರಿ ಸರಿಸುತ್ತ, ಮಾಲು ಕಾಯುತ್ತ ಇರುವುದು ಬರಿಯ ಹಾಜರಿಯಲ್ಲ. ದಿನಕ್ಕೆ ಎಂಟು ಗಂಟೆಯ ಕೆಲಸ, ವಿರಾಮವೂ ಸೇರಿ ಹನ್ನೆರಡು ಗಂಟೆಯ ಹರವು, ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ ಎಂಬುದು ಆ ಕಾಯಿದೆಯ ಕಟ್ಟಳೆಯಾಗಿತ್ತು. ಕೆಲಸದ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿ ಕುರಿತ 2020ರ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯಿದೆ ವಿಲೀನವಾಗಿದೆ; ನಾನು ಹೇಳುವುದು ಹಳೆಯ ಅಳತೆಗೋಲು.

ಹರಿಹರದವರ ದಿನದಂಥದನ್ನೇ ತೆಗೆದುಕೊಳ್ಳಿ. ಐದರಿಂದ ನಾಲ್ಕರವರೆಗೆ ಹನ್ನೊಂದು ಗಂಟೆ. ಊಟಕ್ಕೆಂದು ನಿಜವಾಗಿ ಬಿಡುವು ಸಿಕ್ಕ ಒಂದು ಗಂಟೆಯನ್ನು ಕಳೆದರೆ ಹತ್ತು. ದಿನಗೂಲಿ 800 ರೂಪಾಯಿ, ಅಂದರೆ ಗಂಟೆಗೆ 100 ಎಂದಾದರೆ, ಹೆಚ್ಚುವರಿ ಎರಡು ಗಂಟೆಗೆ 400 ಸೇರಿ 1,200 ಆಗುತ್ತದೆ. ಹರವು ಸಂಜೆ ಐದಕ್ಕೆ ತುಂಬುವುದರಿಂದ ಆ ರಾತ್ರಿ ಅವರನ್ನು ಹೊರಡಿಸುವಂತಿರಲಿಲ್ಲ.
– ಕಾರ್ಮಿಕ ಇಲಾಖೆಯ ನಿವೃತ್ತರು, ದಾವಣಗೆರೆ

ನಾನು ಬಾಟಾ ಕೊಡುತ್ತೇನೆ. ಕಾದದ್ದಕ್ಕೂ ಕೂಲಿ ಕೊಡು ಎಂದರೆ ಸಣ್ಣ ಮಾಲೀಕ ಉಳಿಯುವುದು ಹೇಗೆ? ಕೀಲಿಯನ್ನು ಯಾರ್ಡಿನವರಿಗೆ ಕೊಟ್ಟು, ಕರೆಯುವ ಗಂಟೆಯನ್ನು ಮೊದಲೇ ತಿಳಿದು ಕೊಠಡಿಯಲ್ಲಿ ನಿದ್ದೆ ಮಾಡಿದವನಿಗೂ ಕೊಡಬೇಕೇ?
– ಲಾರಿ ಮಾಲೀಕರು, ಜಗಳೂರು

ಕೊನೆಯ ಪ್ರಶ್ನೆ ನ್ಯಾಯವಾದದ್ದು. ಅಂಥ ಹೊತ್ತು ವಿರಾಮವೇ ಸರಿ. ಬಾಟಾ ಮಾತ್ರ ಊಟ, ದಾರಿ ಖರ್ಚಿನದು. ಸಣ್ಣ ಮಾಲೀಕರ ಕಷ್ಟಕ್ಕೆ ಮುಂದಿನವರು ದಾರಿಯೊಂದನ್ನು ತೋರಿಸಿದ್ದಾರೆ.

ಕೂಲಿ ಕೊಡಬೇಕೇ ಎನ್ನುವುದಕ್ಕಿಂತ, ಆ ದುಡ್ಡನ್ನು ಯಾರಿಂದ ವಸೂಲು ಮಾಡಬೇಕು ಎಂದು ಕೇಳಿ. ಬಾಡಿಗೆ ಮಾತಾಡುವಾಗಲೇ ಇಂತಿಷ್ಟು ಗಂಟೆಯ ನಂತರ ಕಾದದ್ದಕ್ಕೆ ಹಾಲ್ಟಿಂಗ್ ಹಣ ಎಂದು ಬರೆಸಿಕೊಳ್ಳಿ. ಗೇಟಿಗೆ ಬಂದ ಗಂಟೆಯನ್ನೂ ಹೊರಬಿದ್ದ ಗಂಟೆಯನ್ನೂ ಸರಕಿನ ಜೊತೆ ಹೋಗುವ ಬಿಲ್ಟಿ ಚೀಟಿಯ ಮೇಲೆ ಬರೆಸಿ ಕಾರ್ಖಾನೆಯ ಸೀಲು ಹಾಕಿಸಲು ಚಾಲಕನಿಗೆ ಹೇಳಿ. ಟೋಕನ್ ಚೀಟಿಯ ಫೋಟೋ ಆಗಲೇ ವಾಟ್ಸಾಪಿಗೆ ಬರಲಿ. ಟೋಕನ್ ಚೀಟಿಯನ್ನು ಗೇಟಿನಲ್ಲಿ ವಾಪಸ್ ಪಡೆಯುತ್ತಾರೆ, ಆಮೇಲೆ ನಿಮ್ಮ ಬಳಿ ಸಾಕ್ಷಿ ಉಳಿಯುವುದಿಲ್ಲ.
– ಟ್ರಾನ್ಸ್‌ಪೋರ್ಟ್ ಕಚೇರಿಯ ಗುಮಾಸ್ತರು, ಚಿತ್ರದುರ್ಗ